ಉತ್ತರ ಸರಿ ಕಾಣುತ್ತಿದೆ, ಗೆರೆ ಬಾಗಿದೆ: ಬ್ರೋಮೋಥೈಮಾಲ್ ಬ್ಲೂ ಪ್ರಯೋಗದಲ್ಲಿ ತಪ್ಪು ಹುಡುಕುವ ಬಗೆ

ಕೋಲಾರದ ಹತ್ತಿರದ ಒಂದು ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಡೆದದ್ದು. ಕೊನೆಯ ವರ್ಷದ ಬಿ.ಎಸ್ಸಿ. ಮಕ್ಕಳಿಗೆ ಇಂಡಿಕೇಟರ್‌ನ ವಿಯೋಜನಾ ಸ್ಥಿರಾಂಕ ಕಂಡುಹಿಡಿಯುವ ಪ್ರಯೋಗ ಕೊಟ್ಟಿದ್ದೆ. ಒಂದೇ ಪ್ರಮಾಣದ ಬಣ್ಣವನ್ನು ಬೇರೆ ಬೇರೆ ಪಿಎಚ್‌ನ ಫ್ಲಾಸ್ಕ್‌ಗಳಿಗೆ ಹಾಕಬೇಕು. ಪ್ರತಿಯೊಂದರ ಅಬ್ಸಾರ್ಬೆನ್ಸ್ ಅಳೆಯಬೇಕು. ಅದರಿಂದ ಎಷ್ಟು ಪಾಲು ಆಮ್ಲ ರೂಪದಲ್ಲಿದೆ, ಎಷ್ಟು ಪಾಲು ಪ್ರತ್ಯಾಮ್ಲ ರೂಪದಲ್ಲಿದೆ ಎಂದು ಲೆಕ್ಕ ಹಾಕಬೇಕು. ಒಬ್ಬ ಹುಡುಗಿ ಗ್ರಾಫ್ ಹಿಡಿದುಕೊಂಡು ಬಂದಳು.

"ಮೇಡಂ, ಪಿಕೆಎ 7.24 ಬಂತು. ಒಂದು ಪುಸ್ತಕದಲ್ಲಿ 7.1 ಇದೆ, ಇನ್ನೊಂದರಲ್ಲಿ 7.3 ಇದೆ. ನಮ್ಮದು ಮಧ್ಯದಲ್ಲೇ ಇದೆ ಅಲ್ವಾ? ರೆಕಾರ್ಡ್ ಬರೀಲಾ?"

ಹಿಂದಿನ ವರ್ಷವಾಗಿದ್ದರೆ ನಾನೂ ಸಹಿ ಹಾಕಿ ಕಳಿಸುತ್ತಿದ್ದೆನೋ ಏನೋ. ಆದರೆ ಗ್ರಾಫಿನ ಕೊನೆಯ ಎರಡು ಚುಕ್ಕೆಗಳು ಗೆರೆಯಿಂದ ಕೆಳಗೆ ಜಾರಿದ್ದವು. ಅವಳು ಸ್ಕೇಲ್ ಇಟ್ಟು ನಡುವೆ ಗೆರೆ ಎಳೆದುಬಿಟ್ಟಿದ್ದಳು. ಆ ಎರಡು ಚುಕ್ಕೆಗಳ ಹಿಂದೆ ಬಿದ್ದು ಅರ್ಧ ದಿನ ಹೋಯಿತು. ಇದೇ ಪ್ರಯೋಗ ಮಾಡುವವರಿಗೆ ಆ ಅರ್ಧ ದಿನ ಉಳಿಯಲಿ ಎಂದು ಹುಡುಕಿದ ದಾರಿಯನ್ನು ಬರೆದಿಡುತ್ತಿದ್ದೇನೆ.

ಏನು ಮಾಡಿದ್ದೆವು

ಬ್ರೋಮೋಥೈಮಾಲ್ ಬ್ಲೂ 0.1 ಗ್ರಾಂ ತೂಗಿ, 0.01 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 16 ಮಿಲಿಲೀಟರ್‌ನಲ್ಲಿ ಕರಗಿಸಿ, 250 ಮಿಲಿಲೀಟರ್‌ಗೆ ತಂದದ್ದು ನಮ್ಮ ಸ್ಟಾಕ್. 25 ಮಿಲಿಲೀಟರ್‌ನ ಏಳು ಫ್ಲಾಸ್ಕ್‌ಗಳು. ಪ್ರತಿಯೊಂದಕ್ಕೂ ಪಿಪೆಟ್‌ನಲ್ಲಿ 1 ಮಿಲಿಲೀಟರ್ ಬಣ್ಣ. ಐದು ಫ್ಲಾಸ್ಕ್‌ಗಳಿಗೆ 0.1 ಮೋಲಾರ್ ಫಾಸ್ಫೇಟ್ ದ್ರಾವಣಗಳ ಮಿಶ್ರಣ 5 ಮಿಲಿಲೀಟರ್: ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮತ್ತು ಡೈಸೋಡಿಯಂ ಫಾಸ್ಫೇಟ್, ಬೇರೆ ಬೇರೆ ಅಳತೆಯಲ್ಲಿ. ಆರನೆಯದನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 2ರ ಸುತ್ತ ತಂದೆವು. ಅಲ್ಲಿ ಬಣ್ಣ ಪೂರ್ತಿ ಹಳದಿ. ಏಳನೆಯದಕ್ಕೆ ಡೈಸೋಡಿಯಂ ಫಾಸ್ಫೇಟ್ ಜೊತೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 12ಕ್ಕೆ ಒಯ್ದೆವು. ಅಲ್ಲಿ ಪೂರ್ತಿ ನೀಲಿ. ಉಳಿದ ಜಾಗಕ್ಕೆ ಕ್ಯಾನಿನ ನೀರು.

ಪಿಎಚ್ ಅನ್ನು ಪಾಕವಿಧಾನ ನೋಡಿ ಬರೆದುಕೊಳ್ಳಲಿಲ್ಲ. ಬಣ್ಣ ಹಾಕಿ, ಗುರುತಿನವರೆಗೆ ತುಂಬಿಸಿ, ಕಲಕಿದ ಮೇಲೆ ಅದೇ ದ್ರಾವಣದಲ್ಲಿ ಮೀಟರ್ ಅದ್ದಿ ಓದಿದೆವು. ಅಬ್ಸಾರ್ಬೆನ್ಸ್ 615 ನ್ಯಾನೋಮೀಟರ್‌ನಲ್ಲಿ. ನೀಲಿ ರೂಪ ಬೆಳಕನ್ನು ಅತಿ ಹೆಚ್ಚು ಹೀರುವುದು ಅಲ್ಲಿ. ಹಳದಿ ರೂಪಕ್ಕೆ ಅಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಬ್ಲಾಂಕ್ ಆಗಿ ಬರೀ ನೀರು ಇಟ್ಟಿದ್ದೆವು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಲೆಕ್ಕದ ಸೂತ್ರ ಇಷ್ಟೇ:

```
pH = pKa + log[(A - Aa)/(Ab - A)]
```

`A` ಎಂದರೆ ಆ ಫ್ಲಾಸ್ಕ್‌ನ ಓದು. `Aa` ಪೂರ್ತಿ ಹಳದಿಯ ಓದು, `Ab` ಪೂರ್ತಿ ನೀಲಿಯ ಓದು. ಲಾಗ್ ಭಾಗವನ್ನು ಪಿಎಚ್‌ಗೆ ಎದುರಾಗಿ ಗ್ರಾಫ್ ಹಾಕಿದರೆ ನೇರ ಗೆರೆ ಬರಬೇಕು. ಅದರ ಸ್ಲೋಪ್ 1 ಇರಬೇಕು. ಲಾಗ್ ಸೊನ್ನೆಯಾಗುವ ಪಿಎಚ್ ಎಷ್ಟೋ ಅದೇ ಪಿಕೆಎ. ಇಲ್ಲಿ ಒಂದು ಪ್ರೋಟಾನ್ ಮಾತ್ರ ಹೋಗಿ ಬರುತ್ತದೆ, ಹಾಗಾಗಿ ಸ್ಲೋಪ್ 0.9 ಆಗಲು ರಸಾಯನಶಾಸ್ತ್ರದಲ್ಲಿ ಕಾರಣವೇ ಇಲ್ಲ. ಆದರೆ ನಮ್ಮ ಕೈಯಲ್ಲಿ ಆಗುತ್ತದೆ.

ಅವಳ ಓದುಗಳು ಇವು:

| ಪಿಎಚ್ | 615ರಲ್ಲಿ ಅಬ್ಸಾರ್ಬೆನ್ಸ್ | ಲಾಗ್ ಬೆಲೆ |
|---|---|---|
| 2ರ ಸುತ್ತ | 0.010 | – |
| 6.2 | 0.101 | −0.96 |
| 6.6 | 0.205 | −0.58 |
| 7.0 | 0.369 | −0.20 |
| 7.4 | 0.562 | 0.16 |
| 7.8 | 0.715 | 0.50 |
| 12 | 0.940 | – |

ನೇರ ಗೆರೆ ಹಾಕಿದರೆ ಸ್ಲೋಪ್ 0.92, ಪಿಕೆಎ 7.24. ಎಲ್ಲ ಓದುಗಳೂ 1ರ ಒಳಗೆ, ಮೆಷಿನ್‌ಗೆ ಕಷ್ಟವಾಗುವ ಮಟ್ಟದಲ್ಲಿಲ್ಲ. ಮೇಲ್ನೋಟಕ್ಕೆ ಏನೂ ತಪ್ಪಿಲ್ಲ.

ಮೆಷಿನ್ ಮುಟ್ಟುವ ಮೊದಲು ಗೆರೆ ನೋಡಿ

ತಪ್ಪು ಬಂದರೆ ನಮ್ಮ ಮೊದಲ ಅಭ್ಯಾಸ ಪಿಎಚ್ ಮೀಟರ್ ಬೈಯುವುದು. ಅದು ಪಾಪ ಸುಮ್ನೆ ಕೂತಿರುತ್ತದೆ. ಗೆರೆಯ ಆಕಾರ ನೋಡಿದರೆ ಯಾರನ್ನು ಬೈಯಬೇಕು ಎಂದು ಅದೇ ಹೇಳುತ್ತದೆ.

ಪಿಎಚ್ ಮೀಟರ್ ಎಲ್ಲ ಕಡೆಯೂ ಒಂದೇ ಅಳತೆಯಷ್ಟು ತಪ್ಪು ಓದಿದರೆ ಗೆರೆ ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ. ಸ್ಲೋಪ್ 1 ಆಗಿಯೇ ಉಳಿಯುತ್ತದೆ, ಪಿಕೆಎ ಮಾತ್ರ ತಪ್ಪು. ಇದಕ್ಕೆ ನಮ್ಮಲ್ಲಿ ಸಾಮಾನ್ಯ ಕಾರಣ ಒಂದಿದೆ. ಕೆಲವು ಬಫರ್‌ಗಳ ಬೆಲೆ 25 ಡಿಗ್ರಿಯಲ್ಲಿ 7.00, ಕೆಲವುಗಳದು 6.86. ಬಾಟಲಿಯ ಮೇಲಿನ ಚೀಟಿ ನೋಡದೆ 6.86ರ ಬಫರ್‌ನಲ್ಲಿ ಮೀಟರನ್ನು 7.00ಕ್ಕೆ ಕೂರಿಸಿದರೆ ಪ್ರತಿ ಓದೂ 0.14 ಜಾಸ್ತಿ ಬರುತ್ತದೆ. ಪಿಕೆಎ ಕೂಡ ಅಷ್ಟೇ ಜಾಸ್ತಿ. ಅದೇ ತಪ್ಪಿನ ಜೊತೆ 4.00ರ ಬಫರ್ ಕೂಡ ಬಳಸಿ ಎರಡು ಬಿಂದುಗಳಲ್ಲಿ ಹೊಂದಿಸಿದ್ದರೆ ಸ್ಲೋಪ್ 0.95ರ ಹತ್ತಿರ ಇಳಿಯುತ್ತದೆ. ಆಗಲೂ ಗೆರೆ ಬಾಗುವುದಿಲ್ಲ. ಚುಕ್ಕೆಗಳು ಸಾಲಾಗಿಯೇ ಕೂತಿರುತ್ತವೆ.

ಪಿಪೆಟ್ ಹಿಡಿದ ಕೈ ನಡುಗಿದ್ದರೆ, ಅಂದರೆ ಬಣ್ಣ ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಬಿದ್ದಿದ್ದರೆ, ಚುಕ್ಕೆಗಳು ಗೆರೆಯ ಎರಡೂ ಕಡೆ ಚೆದುರುತ್ತವೆ. ಅದಕ್ಕೆ ಕ್ರಮ ಇರುವುದಿಲ್ಲ.

ಕ್ರಮವಾಗಿ ಒಂದೇ ಕಡೆಗೆ ಬಾಗಿದರೆ ತಪ್ಪು ಸಾಮಾನ್ಯವಾಗಿ `Aa` ಅಥವಾ `Ab`ಯಲ್ಲಿ. ಯಾಕೆ ಎಂದರೆ ಈ ಎರಡು ಓದುಗಳು ಪ್ರತಿ ಚುಕ್ಕೆಯ ಲೆಕ್ಕದಲ್ಲೂ ಕೂತಿವೆ, ಆದರೆ ಎಲ್ಲ ಚುಕ್ಕೆಗೂ ಒಂದೇ ಸಮನಾಗಿ ತೊಂದರೆ ಕೊಡುವುದಿಲ್ಲ. ಪಿಎಚ್ 7.8ರಲ್ಲಿ `Ab - A` ಸಣ್ಣ ಸಂಖ್ಯೆ. ಅದರಲ್ಲಿ 0.1 ಹೆಚ್ಚು ಕಡಿಮೆ ಆದರೆ ಅನುಪಾತ ಎಲ್ಲಿಗೋ ಹೋಗುತ್ತದೆ. ಪಿಎಚ್ 6.2ರಲ್ಲಿ ಅದೇ ವ್ಯತ್ಯಾಸ ದೊಡ್ಡದು, ಅಲ್ಲಿ 0.1 ಅಷ್ಟಾಗಿ ತಾಗುವುದಿಲ್ಲ. ಹಾಗಾಗಿ `Ab` ತಪ್ಪಿದ್ದರೆ ಗೆರೆಯ ಮೇಲಿನ ತುದಿ ಬಾಗುತ್ತದೆ. `Aa` ತಪ್ಪಿದ್ದರೆ ಕೆಳಗಿನ ತುದಿ.

ದಿಕ್ಕು ಕೂಡ ಮಾತಾಡುತ್ತದೆ. ಪ್ರತ್ಯಾಮ್ಲ ಸಾಕಷ್ಟು ಹಾಕದೆ ನೀಲಿ ಪೂರ್ತಿ ಆಗದಿದ್ದರೆ `Ab` ಕಡಿಮೆ ಬರುತ್ತದೆ, ತುದಿ ಮೇಲಕ್ಕೆ ಎದ್ದು ನಿಲ್ಲುತ್ತದೆ. `Ab` ನಿಜಕ್ಕಿಂತ ಜಾಸ್ತಿ ಇದ್ದರೆ ತುದಿ ಕೆಳಗೆ ಜಾರುತ್ತದೆ.

ಈಗ ಅವಳ ಪಟ್ಟಿ ನೋಡಿ. ಪಿಎಚ್ ಪ್ರತಿ ಸಲ 0.4 ಏರಿದೆ, ಲಾಗ್ ಕೂಡ 0.40 ಏರಬೇಕಿತ್ತು. ಏರಿದ್ದು 0.38, 0.38, 0.36, 0.34. ಕೆಳಗೆ ಸರಿಸುಮಾರು ಸರಿ, ಮೇಲೆ ಹೋದಂತೆ ಕುಸಿತ. ಅಂದರೆ ಮೀಟರ್ ಅಲ್ಲ, ಪಿಪೆಟ್ ಅಲ್ಲ. ನೀಲಿ ತುದಿಯ ಓದು ಇರಬೇಕಾದ್ದಕ್ಕಿಂತ ಜಾಸ್ತಿ ಇದೆ.

ನೀಲಿ ಯಾಕೆ ಜಾಸ್ತಿ?

ಆ ಒಂದು ಫ್ಲಾಸ್ಕ್‌ಗೆ ಬಣ್ಣ ಎರಡು ಸಲ ಬಿತ್ತೇನೋ ಎಂದು ಮೊದಲು ಅನುಮಾನ ಬಂತು. ಇದನ್ನು ಪರೀಕ್ಷಿಸಲು ಬ್ರೋಮೋಥೈಮಾಲ್ ಬ್ಲೂನಲ್ಲಿ ಒಂದು ಒಳ್ಳೆಯ ಜಾಗ ಇದೆ: 500 ನ್ಯಾನೋಮೀಟರ್ ಆಸುಪಾಸು. ಅಲ್ಲಿ ಹಳದಿ ರೂಪವೂ ನೀಲಿ ರೂಪವೂ ಬೆಳಕನ್ನು ಒಂದೇ ಸಮ ಹೀರುತ್ತವೆ. ಅದಕ್ಕೆ ಐಸೋಸ್ಬೆಸ್ಟಿಕ್ ಬಿಂದು ಎನ್ನುತ್ತಾರೆ. ಪಿಎಚ್ ಏನೇ ಇರಲಿ, ಬಣ್ಣದ ಪ್ರಮಾಣ ಒಂದೇ ಆಗಿದ್ದರೆ ಅಲ್ಲಿ ಎಲ್ಲ ಫ್ಲಾಸ್ಕ್‌ಗಳೂ ಒಂದೇ ಓದು ಕೊಡಬೇಕು. ನಿಮ್ಮ ಮೆಷಿನ್‌ನಲ್ಲಿ ಅದು ಎರಡು ಮೂರು ನ್ಯಾನೋಮೀಟರ್ ಆಚೀಚೆ ಇರಬಹುದು. ಪೂರ್ತಿ ಹಳದಿ, ಪೂರ್ತಿ ನೀಲಿ ಎರಡರ ಸ್ಪೆಕ್ಟ್ರಮ್ ಒಂದರ ಮೇಲೊಂದು ಹಾಕಿ ಎಲ್ಲಿ ಕತ್ತರಿಸುತ್ತವೆ ಎಂದು ಒಮ್ಮೆ ನೋಡಿಟ್ಟುಕೊಳ್ಳಿ.

ನಾವು ಓದಿದಾಗ ಹಳದಿ ಫ್ಲಾಸ್ಕ್, 6.2, 6.6, 7.0 ನಾಲ್ಕೂ 0.240ರ ಅಕ್ಕಪಕ್ಕ ಬಂದವು. 7.4ರದು 0.258. 7.8ರದು 0.285. ಪಿಎಚ್ 12ರದು 0.420.

ಬಣ್ಣ ಜಾಸ್ತಿ ಬಿದ್ದಿದ್ದರೆ ಒಂದು ಫ್ಲಾಸ್ಕ್ ಮಾತ್ರ ಕೆಡಬೇಕಿತ್ತು. ಇಲ್ಲಿ ಪಿಎಚ್ ಏರಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿದೆ. ಇನ್ನೊಂದು ವಿಷಯ. 0.240 ಎಲ್ಲಿ, 0.420 ಎಲ್ಲಿ! ಬಣ್ಣವೇ ಕಾರಣವಾಗಿದ್ದರೆ 615ರಲ್ಲೂ ಅದೇ ಅನುಪಾತದಲ್ಲಿ, ಮುಕ್ಕಾಲು ಪಾಲು ಜಾಸ್ತಿ ಬರಬೇಕಿತ್ತು. ಹಾಗಾಗಿದ್ದರೆ ಗೆರೆ ಇಷ್ಟು ಮರ್ಯಾದೆಯಿಂದ ಇರುತ್ತಿರಲಿಲ್ಲ. ಬಣ್ಣವಲ್ಲದ ಯಾವುದೋ ವಸ್ತು ಬೆಳಕನ್ನು ತಡೆಯುತ್ತಿದೆ, ಅದೂ ಕಡಿಮೆ ತರಂಗಾಂತರದಲ್ಲಿ ಹೆಚ್ಚು ತಡೆಯುತ್ತಿದೆ. ಸಣ್ಣ ಕಣಗಳು ಬೆಳಕು ಚೆದುರಿಸುವ ರೀತಿಯೇ ಅದು.

ಹಾಗಾಗಿ 750 ನ್ಯಾನೋಮೀಟರ್‌ಗೆ ಹೋದೆವು. ಅಲ್ಲಿ ಈ ಇಂಡಿಕೇಟರ್‌ನ ಯಾವ ರೂಪವೂ ಬೆಳಕು ಹೀರುವುದಿಲ್ಲ, ಎಲ್ಲವೂ ಸೊನ್ನೆ ಓದಬೇಕು. ಹಳದಿಯಿಂದ 7.0ರವರೆಗೆ 0.002 ದಾಟಲಿಲ್ಲ. 7.4ರಲ್ಲಿ 0.008, 7.8ರಲ್ಲಿ 0.020, ಪಿಎಚ್ 12ರಲ್ಲಿ 0.080. ಇನ್ನು ಅನುಮಾನವಿಲ್ಲ, ದ್ರಾವಣ ಕದಡಿದೆ.

ಕಣ್ಣಿಗೆ ಕಾಣಲಿಲ್ಲವೇ ಎಂದು ಕೇಳಬಹುದು. ಕಾಣಲಿಲ್ಲ. ನೀಲಿ ಬಣ್ಣ ಅದನ್ನು ಮುಚ್ಚಿಬಿಡುತ್ತದೆ. ಬಣ್ಣ ಹಾಕದೆ ಅದೇ ದ್ರಾವಣ ಮಾಡಿ, ಹಿಂದೆ ಕಪ್ಪು ರಟ್ಟು ಹಿಡಿದು, ಪಕ್ಕದಿಂದ ಮೊಬೈಲ್ ಟಾರ್ಚ್ ಹಾಕಿದಾಗ ಬೆಳಕಿನ ದಾರಿ ಹೊಗೆಯಂತೆ ಕಂಡಿತು. ಹಂಚಿನ ಸಂದಿಯಿಂದ ಬಿಸಿಲು ಕೋಲು ಬಿದ್ದಾಗ ಧೂಳು ಕಾಣುವುದಿಲ್ಲವೇ, ಹಾಗೆ. ಇನ್ನೊಂದು ಸುಲಭದ ಪರೀಕ್ಷೆ ಕ್ಯುವೆಟ್‌ನಲ್ಲೇ ಇದೆ. ಅದನ್ನು ಮೆಷಿನ್‌ನಲ್ಲಿ ಅಲುಗಾಡಿಸದೆ ಬಿಟ್ಟು ಹತ್ತು ನಿಮಿಷ ನೋಡಿ. ಕಣಗಳು ಕೆಳಗೆ ಕೂರುತ್ತಿದ್ದಂತೆ ಓದು ಇಳಿಯುತ್ತದೆ. ಕ್ಯುವೆಟ್ ಮಗುಚಿ ಮತ್ತೆ ಇಟ್ಟರೆ ಏರುತ್ತದೆ. ನಿಜವಾದ ಬಣ್ಣ ಹೀಗೆ ಆಡುವುದಿಲ್ಲ.

ಕ್ಯಾನಿನಲ್ಲಿ ಏನಿತ್ತು

ಕೋಲಾರದವರಿಗೆ ಇಷ್ಟರಲ್ಲೇ ಉತ್ತರ ಹೊಳೆದಿರುತ್ತದೆ. ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಬೇಳೆ ಹಾಕಿ ನೋಡಿ, ಬೇಯುವಷ್ಟರಲ್ಲಿ ಹಸಿವೇ ಸತ್ತಿರುತ್ತದೆ. ಗೀಸರ್ ಕಾಯಿಲ್ ಮೇಲೆ ಸುಣ್ಣ ಗಟ್ಟಿಯಾಗಿ ಕೂರುತ್ತದೆ. ನಮ್ಮ ಲ್ಯಾಬಿನ ಡಿಸ್ಟಿಲೇಷನ್ ಯುನಿಟ್‌ನ ಹೀಟರ್ ಕೂಡ ಅದೇ ಸುಣ್ಣಕ್ಕೆ ಸುಟ್ಟುಹೋಗಿತ್ತು. ಕ್ಯಾನ್ ಅರ್ಧ ಖಾಲಿಯಾದಾಗ ಯಾರೋ ನಲ್ಲಿಯಿಂದ ತುಂಬಿಸಿದ್ದರು. ಯಾರು ಎಂದು ವಿಚಾರಣೆ ಮಾಡಲು ಹೋಗಲಿಲ್ಲ. ಮೇಲೆ "ಡಿಸ್ಟಿಲ್ಡ್ ವಾಟರ್" ಎಂಬ ಚೀಟಿ ಹಾಗೇ ಇತ್ತಲ್ಲ.

ಟಿಡಿಎಸ್ ಪೆನ್ ಅದ್ದಿದರೆ ಮೂರಂಕಿ ಬಂತು. ಸರಿಯಾದ ಡಿಸ್ಟಿಲ್ಡ್ ವಾಟರ್ ಒಂದಂಕಿ ದಾಟಬಾರದು. ಖಚಿತವಾಗಲಿ ಎಂದು ಸ್ವಲ್ಪ ನೀರಿಗೆ ಅಮೋನಿಯಾ ಬಫರ್, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿದೆವು. ದ್ರಾಕ್ಷಿ ಕೆಂಪು ಬಂತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದಿದ್ದರೆ ಅದು ನೀಲಿ ಆಗಬೇಕು. ಗಡಸುತನ ಅಳೆಯಲು ಇಡಿಟಿಎ ಟೈಟ್ರೇಷನ್ ಮಾಡಿದ ಎಲ್ಲರಿಗೂ ಈ ಬಣ್ಣ ಗೊತ್ತು.

ಗಡಸು ನೀರಿನ ಕ್ಯಾಲ್ಸಿಯಂ ಮತ್ತು ನಮ್ಮ ಬಫರ್‌ನ ಫಾಸ್ಫೇಟ್ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್. ಪಿಎಚ್ 6ರ ಸುತ್ತ ಫಾಸ್ಫೇಟ್ ಬಹುಪಾಲು ಎರಡು ಹೈಡ್ರೋಜನ್ ಹೊತ್ತ ರೂಪದಲ್ಲಿರುತ್ತದೆ. ಅದರ ಕ್ಯಾಲ್ಸಿಯಂ ಲವಣ ಚೆನ್ನಾಗಿ ಕರಗುತ್ತದೆ. ಪಿಎಚ್ ಏರಿದಂತೆ ಹೈಡ್ರೋಜನ್ ಕಳಚುತ್ತದೆ, ಕರಗುವಿಕೆ ಬೀಳುತ್ತದೆ, ಸಣ್ಣ ಸಣ್ಣ ಕಣ ಹುಟ್ಟುತ್ತವೆ. ಪಿಎಚ್ 12ರ ಫ್ಲಾಸ್ಕ್‌ನಲ್ಲಂತೂ ನೀರಿನ ಬೈಕಾರ್ಬೊನೇಟ್ ಕಾರ್ಬೊನೇಟ್ ಆಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಇಳಿಯುತ್ತದೆ, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕೂಡ ಸೇರಿಕೊಳ್ಳುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಅದಕ್ಕೇ. ಅತಿ ಹೆಚ್ಚು ಕದಡಿದ್ದು `Ab` ಕೊಡುವ ಫ್ಲಾಸ್ಕ್, ಅದರ ತಪ್ಪು ಎಲ್ಲ ಚುಕ್ಕೆಗಳಿಗೂ ಹಂಚಿಕೆಯಾಯಿತು.

ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ಬಫರ್‌ನ ಪಿಎಚ್ ಅನ್ನೂ ಅಲುಗಾಡಿಸಿರುತ್ತದೆ. ಆದರೆ ಅದರಿಂದ ಹಾನಿ ಆಗಲಿಲ್ಲ, ಯಾಕೆಂದರೆ ಪಿಎಚ್ ಅನ್ನು ಕೊನೆಯ ದ್ರಾವಣದಲ್ಲೇ ಓದಿದ್ದೆವು. ಪಾಕವಿಧಾನದ ಪಿಎಚ್ ನಂಬಿದ್ದರೆ ಎರಡು ತಪ್ಪು ಒಂದರೊಳಗೊಂದು ಹೆಣೆದುಕೊಂಡು ಬಿಡಿಸುವುದು ಕಷ್ಟವಾಗುತ್ತಿತ್ತು.

ಇನ್ನು ಬ್ಲಾಂಕ್ ಮಾತು. ಬರೀ ನೀರಿನ ಬ್ಲಾಂಕ್ ಈ ಕದಡನ್ನು ಕಳೆಯಲಾರದು, ಯಾಕೆಂದರೆ ಬರೀ ನೀರು ತಿಳಿಯಾಗಿಯೇ ಇತ್ತು. ಪ್ರತಿ ಬಫರ್‌ಗೂ ಬಣ್ಣವಿಲ್ಲದ ಜೋಡಿ ಬ್ಲಾಂಕ್ ಇಟ್ಟಿದ್ದರೆ ತಪ್ಪು ಕಡಿಮೆ ಆಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಎರಡು ಫ್ಲಾಸ್ಕ್‌ಗಳಲ್ಲಿ ಕಣಗಳು ಒಂದೇ ಥರ ಹುಟ್ಟುವುದಿಲ್ಲ, ಒಂದೇ ವೇಗದಲ್ಲಿ ಕೂರುವುದೂ ಇಲ್ಲ. 750ರ ಓದನ್ನು 615ರ ಓದಿನಿಂದ ಕಳೆದು ಸರಿ ಮಾಡೋಣ ಎಂದು ಒಬ್ಬ ಹುಡುಗ ಹೇಳಿದ. ಯೋಚನೆ ಚೆನ್ನಾಗಿದೆ. ಆದರೆ 615ರಲ್ಲಿ ಚೆದುರುವಿಕೆ 750ಕ್ಕಿಂತ ಹೆಚ್ಚು, ಎಷ್ಟು ಹೆಚ್ಚು ಎಂಬುದು ಕಣಗಳ ಗಾತ್ರದ ಮೇಲೆ ನಿಂತಿದೆ. ಸುಮ್ನೆ ಕಳೆದರೆ ಮೂರನೇ ಒಂದು ಪಾಲು ತಪ್ಪು ಉಳಿದುಬಿಡುತ್ತದೆ. ಸೋಸುವುದೂ ಬೇಡ, ಬಣ್ಣ ಸ್ವಲ್ಪ ಕಾಗದಕ್ಕೋ ಕಣಕ್ಕೋ ಅಂಟಿ ಹೋಗಬಹುದು. 750 ತಪ್ಪು ತೋರಿಸಲು ಒಳ್ಳೆಯದು, ತಿದ್ದಲು ಅಲ್ಲ. ದ್ರಾವಣ ಮತ್ತೆ ಮಾಡುವುದೇ ದಾರಿ.

ಮತ್ತೆ ಮಾಡಿದಾಗ

ಬೇರೆ ಕಡೆಯಿಂದ ಡಿಸ್ಟಿಲ್ಡ್ ವಾಟರ್ ತರಿಸಿದೆವು. ಟಿಡಿಎಸ್ ನೋಡಿ, ಫಾಸ್ಫೇಟ್ ದ್ರಾವಣಗಳನ್ನೂ ಸ್ಟಾಕ್ ಬಣ್ಣವನ್ನೂ ಹೊಸದಾಗಿ ಮಾಡಿದೆವು. ಹಳೆ ಫಾಸ್ಫೇಟ್ ಬಾಟಲಿಯ ತಳದಲ್ಲಿ ಬಿಳಿ ಪುಡಿ ತೆಳುವಾಗಿ ಕೂತಿತ್ತು. ವಾರದಿಂದ ಅದು ನಮ್ಮ ಕಣ್ಣೆದುರಿಗೇ ಇತ್ತು. ಫ್ಲಾಸ್ಕ್‌ಗಳನ್ನು ಒಮ್ಮೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಆಮೇಲೆ ಒಳ್ಳೆ ನೀರಿನಲ್ಲಿ ಜಾಲಿಸಿದೆವು. ಗಾಜಿಗೆ ಅಂಟಿದ ಸುಣ್ಣ ಹಾಗೆಯೇ ಹೋಗುವುದಿಲ್ಲ.

ಈ ಸಲ 750ರಲ್ಲಿ ಎಲ್ಲ ಓದುಗಳೂ 0.002ರ ಒಳಗೆ. 500ರಲ್ಲಿ ಏಳೂ ಫ್ಲಾಸ್ಕ್‌ಗಳು 0.238ರಿಂದ 0.243ರ ನಡುವೆ. ಪೂರ್ತಿ ನೀಲಿಯ ಓದು 0.940ರಿಂದ 0.820ಕ್ಕೆ ಇಳಿಯಿತು. ಕೆಳಗಿನ ಮೂರು ಚುಕ್ಕೆಗಳ ಅಬ್ಸಾರ್ಬೆನ್ಸ್ ಹೆಚ್ಚುಕಡಿಮೆ ಹಳೆಯದೇ, ಅವು ಮೊದಲೂ ತಪ್ಪಿರಲಿಲ್ಲ. ಆದರೂ ಅವುಗಳ ಲಾಗ್ ಬೆಲೆ ಬದಲಾಯಿತು. ಪಿಎಚ್ 7.0ರದು −0.20 ಇದ್ದದ್ದು −0.10 ಆಯಿತು. ಗೆರೆ ನೇರವಾಯಿತು, ಸ್ಲೋಪ್ 0.99, ಪಿಕೆಎ 7.10.

ನಿಮ್ಮಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಇಲ್ಲದೆ ಬರೀ ಫಿಲ್ಟರ್ ಕಲರಿಮೀಟರ್ ಇದ್ದರೂ ಈ ಹುಡುಕಾಟ ಸಾಧ್ಯ. 620ರ ಫಿಲ್ಟರ್‌ನಲ್ಲಿ ಅಳತೆ, 500ರದರಲ್ಲಿ ಬಣ್ಣದ ಪ್ರಮಾಣದ ಪರೀಕ್ಷೆ. ಆದರೆ ಫಿಲ್ಟರ್ ಹಾದು ಬರುವ ಬೆಳಕಿನ ಪಟ್ಟಿ ಅಗಲ, ಹಾಗಾಗಿ 500ರಲ್ಲಿ ಓದುಗಳು ಪೂರ್ತಿ ಸಮ ಬರುವುದಿಲ್ಲ. ಕದಡು ನೋಡಲು ಬಣ್ಣವಿಲ್ಲದ ಜೋಡಿ ಫ್ಲಾಸ್ಕ್ ಮತ್ತು ಟಾರ್ಚ್ ಅನ್ನೇ ನಂಬಿ.

ಇನ್ನು ಅವಳ ಮೊದಲ ಪ್ರಶ್ನೆ ಉಳಿಯಿತು. 7.1 ಮತ್ತು 7.3 ಎರಡೂ ಪುಸ್ತಕದಲ್ಲಿ ಯಾಕಿವೆ? ಎರಡೂ ಸರಿ, ಆದರೆ ಬೇರೆ ಬೇರೆ ಸ್ಥಿತಿಯವು. ಈ ಇಂಡಿಕೇಟರ್‌ನ ನೀಲಿ ರೂಪಕ್ಕೆ ಎರಡು ಋಣ ಆವೇಶ, ಹಳದಿ ರೂಪಕ್ಕೆ ಒಂದು. ಸುತ್ತ ಲವಣ ಹೆಚ್ಚಾದಷ್ಟೂ ಎರಡು ಆವೇಶದ ರೂಪಕ್ಕೆ ಆಸರೆ ಹೆಚ್ಚು, ಪಿಕೆಎ ಇಳಿಯುತ್ತದೆ. ಲವಣವೇ ಇಲ್ಲದ ಸ್ಥಿತಿಗೆ ಲೆಕ್ಕ ಹಾಕಿದ ಬೆಲೆ 7.3ರ ಹತ್ತಿರ. ನಮ್ಮಂಥ ಬಫರ್‌ನಲ್ಲಿ ಅಳೆದರೆ 7.1ರ ಹತ್ತಿರ. 7.24 ನಮ್ಮ ಫ್ಲಾಸ್ಕ್‌ನಲ್ಲಿ ಬರುವಂಥ ಬೆಲೆ ಆಗಿರಲೇ ಇಲ್ಲ. ಎರಡು ಬೆಲೆಗಳ ನಡುವೆ ಸಿಕ್ಕಿಬಿದ್ದು ಸಭ್ಯವಾಗಿ ಕಂಡಿತು ಅಷ್ಟೆ. ರೆಕಾರ್ಡ್‌ನಲ್ಲಿ ಅವಳು ಎರಡೂ ಗ್ರಾಫ್ ಅಂಟಿಸಿದಳು. ಕೆಳಗೆ ಫಾಸ್ಫೇಟ್ 0.02 ಮೋಲಾರ್, ಉಷ್ಣತೆ 27 ಡಿಗ್ರಿ ಎಂದು ಬರೆದಳು. ಈಗ ಕ್ಯಾನಿನ ಪಕ್ಕದಲ್ಲಿ ಟಿಡಿಎಸ್ ಪೆನ್ ದಾರ ಕಟ್ಟಿ ನೇತುಹಾಕಿದೆ.